ಶಾರ್ಪ್ 4.5 ತೋರಿಸುವ ಕ್ರಿಪ್ಟೊ ಖಾತೆಯನ್ನು ಎಷ್ಟು ನಂಬಬಹುದು?

ಕಾಪಿ ಟ್ರೇಡಿಂಗ್ ಇರುವ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳಲ್ಲಿ ಟ್ರೇಡರ್ ಹೆಸರಿನ ಪಕ್ಕ ಲಾಭದ ಶೇಕಡಾವಾರು ಮಾತ್ರವಲ್ಲ, ಸರಾಸರಿ ಲಾಭವನ್ನು ಅದರ ಏರಿಳಿತದಿಂದ ಭಾಗಿಸಿದ ಶಾರ್ಪ್ ಅನುಪಾತವೂ ಕಾಣಿಸುತ್ತದೆ. ಬ್ಯಾಕ್‌ಟೆಸ್ಟ್ ಮಾಡುವ ಸಾಫ್ಟ್‌ವೇರ್‌ಗಳು ಅದರ ಜೊತೆಗೆ ನಷ್ಟದ ಕಡೆಯ ಏರಿಳಿತವನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಸಾರ್ಟಿನೊ ಅನುಪಾತವನ್ನೂ ಕೊಡುತ್ತವೆ. ಹಣ ಹಾಕುವವರು ಈ ಎರಡು ಅಂಕಿಗಳನ್ನು ನೋಡಿ ಟ್ರೇಡರನ್ನು ಆರಿಸುತ್ತಾರೆ. ಶಾರ್ಪ್ 1 ಇದ್ದರೆ ಪರವಾಗಿಲ್ಲ, 2 ದಾಟಿದರೆ ಒಳ್ಳೆಯದು, 4 ದಾಟಿದರೆ ಬಿಡಲೇಬಾರದು ಎಂಬ ಲೆಕ್ಕಾಚಾರ ಎಲ್ಲ ಕಡೆ ಕೇಳುತ್ತದೆ. ಕ್ರಿಪ್ಟೊ ಖಾತೆಗಳ ಮಟ್ಟಿಗೆ ಈ ಲೆಕ್ಕಾಚಾರ ಹಲವು ಸಲ ತಲೆಕೆಳಗಾಗುತ್ತದೆ. ಅತಿ ಎತ್ತರದ ಶಾರ್ಪ್ ಇರುವ ಖಾತೆಗಳಲ್ಲಿ ಒಂದು ವರ್ಗ ಇರುವುದೇ ಹೀಗೆ: ದಿನಕ್ಕೆ ಚಿಲ್ಲರೆ ಲಾಭ ಮಾಡುತ್ತ ಹೋಗಿ, ಒಂದೇ ದಿನದಲ್ಲಿ ತಿಂಗಳುಗಟ್ಟಲೆ ದುಡಿದದ್ದನ್ನು ಕೊಟ್ಟುಬಿಡುವುದು. ಆ ದಿನ ಬರುವವರೆಗೆ ಎರಡೂ ಅನುಪಾತಗಳಿಗೆ ಅದರ ಸುಳಿವು ಸಿಗುವುದಿಲ್ಲ. ಯಾಕೆ ಎಂಬುದನ್ನು ಒಂದು ಖಾತೆಯ ಲೆಕ್ಕ ಹಿಡಿದು ನೋಡೋಣ.

ಮೊದಲು ದಿನದ ಸರಣಿ ಸರಿಯಾಗಲಿ

ಅನುಪಾತ ತೆಗೆಯುವ ಮೊದಲು ದಿನದ ಲಾಭದ ಸರಣಿ ಬೇಕು. ಅರ್ಧದಷ್ಟು ತಪ್ಪುಗಳು ಇಲ್ಲೇ ಆಗುತ್ತವೆ. ಖಾತೆಯ ಈಕ್ವಿಟಿ ಎಂದರೆ ಬಾಕಿ ಹಣ ಮಾತ್ರವಲ್ಲ. ತೆರೆದಿರುವ ಪೊಸಿಷನ್‌ಗಳ ಲಾಭ ನಷ್ಟವನ್ನು ಮಾರ್ಕ್ ಬೆಲೆಯಲ್ಲಿ ಲೆಕ್ಕ ಹಾಕಿ ಸೇರಿಸಬೇಕು, ಅಡವಾಗಿ ಇಟ್ಟ ನಾಣ್ಯಗಳ ಅಂದಿನ ಬೆಲೆಯೂ ಅದರಲ್ಲಿ ಬರಬೇಕು. ಮುಚ್ಚಿದ ವ್ಯವಹಾರಗಳ ಲಾಭವನ್ನಷ್ಟೇ ತೋರಿಸುವ ಖಾತೆಯ ಶಾರ್ಪ್‌ಗೆ ಅರ್ಥವೇ ಇಲ್ಲ. ಸೋಲುತ್ತಿರುವ ಪೊಸಿಷನ್ನನ್ನು ಮುಚ್ಚದೆ ಇಟ್ಟುಕೊಂಡರೆ ಸಾಕು, ನಷ್ಟ ಸರಣಿಯೊಳಗೆ ಬರುವುದೇ ಇಲ್ಲ.

ದಿನ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಗಟ್ಟಿ ಮಾಡಿಕೊಳ್ಳಬೇಕು. ಕ್ರಿಪ್ಟೊ ಮಾರುಕಟ್ಟೆಗೆ ಮುಚ್ಚುವ ಗಂಟೆ ಇಲ್ಲವಾದ್ದರಿಂದ ಯುಟಿಸಿ ಮಧ್ಯರಾತ್ರಿ, ಅಂದರೆ ನಮ್ಮ ಬೆಳಗಿನ 5.30, ರೂಢಿಯ ಗಡಿ. ಮುಕ್ತಾಯದ ದಿನಾಂಕವಿಲ್ಲದ ಪರ್ಪೆಚುವಲ್ ಫ್ಯೂಚರ್ಸ್‌ನಲ್ಲಿ ಲಾಂಗ್, ಶಾರ್ಟ್ ಮಾಡಿದವರು ಒಬ್ಬರಿಗೊಬ್ಬರು ಕೊಡುವ ಫಂಡಿಂಗ್ ಎಂಟು ಗಂಟೆಗೊಮ್ಮೆ ಕಡಿತವಾಗುವ ಎಕ್ಸ್‌ಚೇಂಜ್‌ಗಳಲ್ಲಿ ಒಂದು ಕಡಿತ ಬೀಳುವುದು ಸರಿಯಾಗಿ ಅದೇ ಕ್ಷಣಕ್ಕೆ. 5.30ಕ್ಕೇ ಈಕ್ವಿಟಿ ದಾಖಲಿಸುವ ಸ್ಕ್ರಿಪ್ಟ್ ಒಂದು ದಿನ ಫಂಡಿಂಗ್ ಬೀಳುವ ಮೊದಲು ಓದುತ್ತದೆ, ಇನ್ನೊಂದು ದಿನ ಬಿದ್ದ ಮೇಲೆ ಓದುತ್ತದೆ. ಐದು ನಿಮಿಷ ತಡವಾಗಿ, ಪ್ರತಿದಿನ ಅದೇ ನಿಮಿಷಕ್ಕೆ ಓದಿದರೆ ಈ ಗೊಂದಲ ಇರುವುದಿಲ್ಲ.

ಹಾಕಿದ ಹಣ, ತೆಗೆದ ಹಣ ಎರಡನ್ನೂ ಕಳೆಯಬೇಕು. ಒಂದು ಲಕ್ಷದ ಖಾತೆಗೆ ಐವತ್ತು ಸಾವಿರ ಸೇರಿಸಿದ ದಿನ ಶೇ 50 ಲಾಭ ಬಂದಂತೆ ಕಂಡರೆ ಆ ಒಂದು ದಿನವೇ ಇಡೀ ವರ್ಷದ ಲೆಕ್ಕ ಕೆಡಿಸುತ್ತದೆ. ಭಾರತದ ಎಕ್ಸ್‌ಚೇಂಜ್‌ಗಳಲ್ಲಿ ನಾಣ್ಯ ಮಾರಿದಾಗ 2022ರ ಜುಲೈ 1ರಿಂದ ಕಡಿತವಾಗುತ್ತಿರುವ ಶೇ 1ರ ಟಿಡಿಎಸ್ ಕೂಡ ಇದೇ ಜಾತಿಯದು. ಒಂದು ಲಕ್ಷ ರೂಪಾಯಿಯ ಮಾರಾಟಕ್ಕೆ ಸಾವಿರ ರೂಪಾಯಿ ಖಾತೆಯಿಂದ ಹೋಗುತ್ತದೆ. ಆದರೆ ಅದು ಟ್ರೇಡಿಂಗ್ ನಷ್ಟವಲ್ಲ, ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ಸಿಗುವ ಹಣ. ತೆಗೆದ ಹಣದ ಸಾಲಿಗೆ ಸೇರಿಸದಿದ್ದರೆ, ಆಗಾಗ ಮಾರುವ ಖಾತೆ ಸುಮ್ಮಸುಮ್ಮನೆ ನಷ್ಟದ ದಿನಗಳಿಂದ ತುಂಬಿಹೋಗುತ್ತದೆ.

ಇಷ್ಟು ಮಾಡಿದ ಮೇಲೆ ಉಳಿದದ್ದು ಕೆಲವೇ ಸಾಲು. ಇಲ್ಲಿ `E` ದಿನದ ಕೊನೆಯ ಈಕ್ವಿಟಿ, `F` ಆ ದಿನ ಹೊರಗಿನಿಂದ ಬಂದ ಹಣ (ತೆಗೆದಿದ್ದರೆ ಋಣ ಚಿಹ್ನೆ), `rf` ಅಪಾಯವಿಲ್ಲದ ವಾರ್ಷಿಕ ಬಡ್ಡಿ.

```python
import numpy as np
r = (E[1:] - E[:-1] - F[1:]) / E[:-1]
x = r - rf / 365
sharpe  = x.mean() / x.std() * np.sqrt(365)
dd      = np.sqrt(np.mean(np.minimum(x, 0)**2))
sortino = x.mean() / dd * np.sqrt(365)
share   = x.min()**2 / np.sum(x**2)
```

ಶಾರ್ಪ್‌ನ ಛೇದದಲ್ಲಿರುವುದು ದಿನದ ಲಾಭಗಳ ಮಾನಕ ವಿಚಲನೆ. ವಿಲಿಯಂ ಶಾರ್ಪ್ 1966ರಲ್ಲಿ ಈ ಅಳತೆ ಕೊಟ್ಟದ್ದು ಮ್ಯೂಚುವಲ್ ಫಂಡ್‌ಗಳನ್ನು ಹೋಲಿಸಲು. ಷೇರುಪೇಟೆಗೆ 252ರ ವರ್ಗಮೂಲದಿಂದ ಗುಣಿಸುತ್ತಾರೆ. ಕ್ರಿಪ್ಟೊ ವರ್ಷವಿಡೀ ನಡೆಯುವುದರಿಂದ 365ರ ವರ್ಗಮೂಲ, ಅಂದರೆ 19.1, ಬೇಕು. ಷೇರಿಗಾಗಿ ಬರೆದ ಲೈಬ್ರರಿಯನ್ನು ಹಾಗೇ ಬಳಸಿದರೆ ಅನುಪಾತ ಸುಮಾರು ಶೇ 17ರಷ್ಟು ಕಡಿಮೆ ಬರುತ್ತದೆ. ಎರಡು ಕಡೆಯ ಶಾರ್ಪ್ ಹೋಲಿಸುವ ಮೊದಲು ಯಾವ ಗುಣಕ ಎಂದು ಕೇಳಲೇಬೇಕು.

ಸಾರ್ಟಿನೊದ ಛೇದದಲ್ಲಿರುವುದು ಕೆಳಮುಖ ವಿಚಲನೆ. ಗುರಿಗಿಂತ, ಇಲ್ಲಿ ಅಪಾಯವಿಲ್ಲದ ಬಡ್ಡಿಗಿಂತ, ಕಡಿಮೆ ಬಂದ ದಿನಗಳ ಕೊರತೆಯನ್ನು ವರ್ಗ ಮಾಡಿ ಕೂಡಿಸಿ, ಒಟ್ಟು ದಿನಗಳ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆಯುವುದು. ಲಾಭದ ದಿನಗಳೂ ಸೊನ್ನೆಯಾಗಿ ಲೆಕ್ಕದಲ್ಲಿ ಇರಬೇಕು. ಹಲವರು ನಷ್ಟದ ದಿನಗಳನ್ನು ಬೇರೆ ಮಾಡಿ ಅವುಗಳ ಮಾನಕ ವಿಚಲನೆ ತೆಗೆಯುತ್ತಾರೆ. ಅದು ಎಂಥ ತಪ್ಪು ಎಂಬುದು ಮುಂದಿನ ಉದಾಹರಣೆಯಲ್ಲೇ ಕಾಣುತ್ತದೆ.

360 ದಿನದ ಒಂದು ಖಾತೆ

ಲೆಕ್ಕ ಕೈಯಲ್ಲೇ ಹಾಕುವಷ್ಟು ಸರಳವಾಗಿರಲೆಂದು ಒಂದು ಖಾತೆಯನ್ನು ಕಟ್ಟಿಕೊಳ್ಳೋಣ. 360 ದಿನಗಳಲ್ಲಿ 240 ದಿನ ಶೇ 0.4 ಲಾಭ, 120 ದಿನ ಶೇ 0.5 ನಷ್ಟ. ಬಡ್ಡಿಯನ್ನು ಸೊನ್ನೆ ಎಂದಿಟ್ಟುಕೊಳ್ಳೋಣ. ದೂರದ ಸ್ಟ್ರೈಕ್‌ನ ಆಪ್ಷನ್ ಮಾರುವ ಖಾತೆ, ಬೆಲೆ ಇಳಿದಂತೆ ಮತ್ತೆ ಮತ್ತೆ ಖರೀದಿಸುವ ಗ್ರಿಡ್ ಬಾಟ್, ಫಂಡಿಂಗ್ ಗಳಿಸುವ ಖಾತೆ, ಇವೆಲ್ಲ ಶಾಂತ ಕಾಲದಲ್ಲಿ ಹೆಚ್ಚುಕಡಿಮೆ ಹೀಗೇ ಕಾಣುತ್ತವೆ.

ದಿನದ ಸರಾಸರಿ ಲಾಭ ಶೇ 0.1. ಮಾನಕ ವಿಚಲನೆ ಶೇ 0.424. ಭಾಗಿಸಿದರೆ 0.236, ಅದನ್ನು 19.1ರಿಂದ ಗುಣಿಸಿದರೆ ವಾರ್ಷಿಕ ಶಾರ್ಪ್ 4.50. ಕೆಳಮುಖ ವಿಚಲನೆ ಶೇ 0.289, ಹಾಗಾಗಿ ಸಾರ್ಟಿನೊ 6.62. ಚಕ್ರಗತಿಯಲ್ಲಿ ಖಾತೆ ಶೇ 43ರಷ್ಟು ಬೆಳೆದಿರುತ್ತದೆ. ಯಾವ ಪಟ್ಟಿಯಲ್ಲಾದರೂ ಇದು ಮೇಲಿನ ಸಾಲಿನಲ್ಲೇ ಕೂರುತ್ತದೆ.

ನಷ್ಟದ ದಿನಗಳ ಮಾನಕ ವಿಚಲನೆಯನ್ನು ಛೇದವಾಗಿಸುವ ತಪ್ಪು ಸೂತ್ರ ಇಲ್ಲಿ ಏನು ಕೊಡುತ್ತದೆ? 120 ನಷ್ಟದ ದಿನಗಳೂ ಒಂದೇ ಅಳತೆಯವು, ಅವುಗಳ ವಿಚಲನೆ ಸೊನ್ನೆ, ಆದ್ದರಿಂದ ಸಾರ್ಟಿನೊ ಅನಂತ. ಮೂರು ದಿನಕ್ಕೊಮ್ಮೆ ಒಂದೇ ಪ್ರಮಾಣದಲ್ಲಿ ಸೋಲುವ ಖಾತೆಗೆ ನಷ್ಟದ ಅಪಾಯವೇ ಇಲ್ಲ ಎಂದು ಆ ಸೂತ್ರ ಹೇಳುತ್ತದೆ. ನಿಜವಾದ ಖಾತೆಗಳಲ್ಲಿ ಸ್ಟಾಪ್ ಲಾಸ್ ಒಂದೇ ಮಟ್ಟದಲ್ಲಿ ಇದ್ದಾಗ ನಷ್ಟಗಳು ಹೀಗೇ ಸಮನಾಗಿರುತ್ತವೆ, ಸಾರ್ಟಿನೊ 20, 30 ಎಂದು ಹಾರುತ್ತದೆ. ಅಂಥ ಅಂಕಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಛೇದವನ್ನು.

ಈಗ 361ನೇ ದಿನ ಬರಲಿ. ಅಂದು ಖಾತೆ ಶೇ 25 ಕಳೆದುಕೊಳ್ಳುತ್ತದೆ.

ಸರಾಸರಿ ಶೇ 0.1ರಿಂದ 0.03ಕ್ಕೆ ಇಳಿಯುತ್ತದೆ. ಮಾನಕ ವಿಚಲನೆ ಶೇ 0.424ರಿಂದ 1.39ಕ್ಕೆ ಏರುತ್ತದೆ. ಶಾರ್ಪ್ 4.50 ಇದ್ದದ್ದು 0.42. ಸಾರ್ಟಿನೊ 6.62 ಇದ್ದದ್ದು 0.43. ಶೇ 43ರ ಬೆಳವಣಿಗೆಯಲ್ಲಿ ಉಳಿದದ್ದು ಶೇ 7. ಒಂದು ದಿನ ಬರುವ ಮೊದಲು ಒಂದು ಅಂಕಿ, ಬಂದ ಮೇಲೆ ಅದರ ಹತ್ತನೇ ಒಂದು ಭಾಗ. ಎರಡರಲ್ಲಿ ಯಾವುದು ಈ ಟ್ರೇಡರನ ನಿಜವಾದ ಶಾರ್ಪ್? ಎರಡೂ ಅಲ್ಲ. ಅದು ಅಂಥ ದಿನ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದರ ಮೇಲೆ ನಿಂತಿದೆ, ಆ ಮಾಹಿತಿ ಸರಣಿಯಲ್ಲಿ ಇಲ್ಲ.

ಕಾರಣ ವರ್ಗ ಮಾಡುವ ಹೆಜ್ಜೆಯಲ್ಲಿದೆ. ಶೇ 25ರ ನಷ್ಟದ ವರ್ಗ 625. ಉಳಿದ 360 ದಿನಗಳ ವರ್ಗಗಳೆಲ್ಲ ಸೇರಿದರೂ 68.4. ಅಂದರೆ ಒಟ್ಟು ಮೊತ್ತದ ಶೇ 90 ಒಂದೇ ದಿನದ ಕೊಡುಗೆ. ಸಾರ್ಟಿನೊದಲ್ಲಿ ಲಾಭದ ದಿನಗಳು ಇಲ್ಲವಾದ್ದರಿಂದ ಆ ಪಾಲು ಶೇ 95. ಮೇಲಿನ ಕೋಡಿನ ಕೊನೆಯ ಸಾಲು ಹೇಳುವುದು ಇದನ್ನೇ. `share` 0.3 ದಾಟಿದರೆ ನಿಮ್ಮ ಶಾರ್ಪ್ ಮುನ್ನೂರ ಅರವತ್ತು ದಿನಗಳ ಅಳತೆಯಲ್ಲ, ಒಂದೆರಡು ದಿನಗಳ ಅಳತೆ ಎಂದೇ ಓದಬೇಕು.

ದಪ್ಪ ಬಾಲ ಎಂದರೆ ಇಷ್ಟು

ಮಾನಕ ವಿಚಲನೆ ಅಪಾಯದ ಒಳ್ಳೆಯ ಅಳತೆಯಾಗುವುದು ಲಾಭ ನಷ್ಟಗಳು ಗಂಟೆಯಾಕಾರದ ಸಾಮಾನ್ಯ ವಿತರಣೆಯ ಹತ್ತಿರ ಇದ್ದಾಗ. ಅಲ್ಲಿ ಸರಾಸರಿಯಿಂದ ದೂರ ಹೋದಂತೆ ಸಂಭವ ಬಹಳ ಬೇಗ ಸೊನ್ನೆಯಾಗುತ್ತದೆ. ಕ್ರಿಪ್ಟೊ ಬೆಲೆಗಳ ವಿತರಣೆಯ ಬಾಲ ಅಷ್ಟು ಬೇಗ ಸಣ್ಣಗಾಗುವುದಿಲ್ಲ. ಬಿಟ್‌ಕಾಯಿನ್‌ನ ದಿನದ ಏರಿಳಿತ ಶೇ 3ರಿಂದ 4ರ ಆಸುಪಾಸಿನಲ್ಲಿದ್ದ ಕಾಲದಲ್ಲಿ, 2020ರ ಮಾರ್ಚ್ 12ರಂದು ಬೆಲೆ ಒಂದೇ ದಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿತ್ತು. ಸಾಮಾನ್ಯ ವಿತರಣೆಯ ಲೆಕ್ಕದಲ್ಲಿ ಅದು ಸುಮಾರು ಹತ್ತು ಮಾನಕ ವಿಚಲನೆಗಳಷ್ಟು ದೂರ. ಆ ಲೆಕ್ಕ ನಿಜವಾಗಿದ್ದರೆ ವಿಶ್ವದ ಆಯಸ್ಸಿನಲ್ಲಿ ಒಮ್ಮೆಯೂ ಇಂಥ ದಿನ ಬರಬಾರದಿತ್ತು.

ಬಾಲ ಘಾತ ನಿಯಮದಂತೆ ಇಳಿಯುತ್ತದೆ ಎಂದು ಹಣಕಾಸು ಸಂಶೋಧಕರು ಅಳೆದಾಗ ಬಿಟ್‌ಕಾಯಿನ್‌ಗೆ ಸಿಗುವ ಘಾತ ಸಾಮಾನ್ಯವಾಗಿ 2ರಿಂದ 4ರ ನಡುವೆ. ಇದರ ಪರಿಣಾಮ ನೇರವಾಗಿ ಶಾರ್ಪ್‌ಗೆ ತಟ್ಟುತ್ತದೆ. ಘಾತ 2ಕ್ಕಿಂತ ಹೆಚ್ಚಿದ್ದರೆ ವಿಚಲನೆ ಎಂಬ ಸಂಖ್ಯೆ ಇರುತ್ತದೆ, ಆದರೆ 4ಕ್ಕಿಂತ ಕಡಿಮೆಯಿದ್ದರೆ ಅದರ ಅಂದಾಜು ಬಹಳ ನಿಧಾನವಾಗಿ ನೆಲೆಗೆ ಬರುತ್ತದೆ. ಒಂದು ವರ್ಷದ ದತ್ತಾಂಶ, ಎರಡು ವರ್ಷದ ದತ್ತಾಂಶ ಎರಡೂ ಬೇರೆ ಬೇರೆ ಉತ್ತರ ಕೊಡುತ್ತವೆ. ಮುಂದಿನ ಕುಸಿತದ ದಿನ ಬಂದರೆ ಮತ್ತೆ ಮೂರನೆಯ ಉತ್ತರ.

ಬಾಲ ದಪ್ಪವಿದೆಯೇ ಎಂದು ಸರಣಿಯಿಂದಲೇ ಪರೀಕ್ಷಿಸಿದರೆ ಆಗದೇ? ಇದಕ್ಕೆ ಬಳಸುವ ಅಳತೆ ಕರ್ಟೋಸಿಸ್. ಸಾಮಾನ್ಯ ವಿತರಣೆಗೆ ಅದು 3, ಬಾಲ ದಪ್ಪವಾದಂತೆ ಹೆಚ್ಚುತ್ತದೆ. ನಮ್ಮ ಖಾತೆಗೆ ಲೆಕ್ಕ ಹಾಕಿ ನೋಡಿ: ಮೊದಲ 360 ದಿನಗಳಿಗೆ ಕರ್ಟೋಸಿಸ್ 1.5, 361ನೇ ದಿನ ಸೇರಿದ ಮೇಲೆ 295. ಕುಸಿತದ ಹಿಂದಿನ ಸಂಜೆ ಪರೀಕ್ಷೆ ಮಾಡಿದ್ದರೆ ಈ ಖಾತೆಯ ಬಾಲ ಸಾಮಾನ್ಯ ವಿತರಣೆಗಿಂತಲೂ ತೆಳು ಎಂಬ ಉತ್ತರ ಬರುತ್ತಿತ್ತು.

ಅಂದಾಜಿನ ದೋಷವನ್ನೂ ಇದೇ ಕಣ್ಣಿನಿಂದ ನೋಡಬೇಕು. ಆಂಡ್ರ್ಯೂ ಲೋ 2002ರಲ್ಲಿ ಶಾರ್ಪ್ ಅನುಪಾತದ ಮಾನಕ ದೋಷಕ್ಕೆ ಸೂತ್ರ ಕೊಟ್ಟರು. ಅದರಂತೆ ನಮ್ಮ ಮೊದಲ 360 ದಿನಗಳ ಶಾರ್ಪ್ 4.50ರ ದೋಷ ಸುಮಾರು 1.02, ಅಂದರೆ ನಿಜವಾದ ಶಾರ್ಪ್ ಸರಿಸುಮಾರು 2.5ರಿಂದ 6.5ರೊಳಗೆ ಎಲ್ಲಾದರೂ ಇರಬಹುದು. ಒಂದು ವರ್ಷದ ಶಾರ್ಪ್‌ನಲ್ಲಿ ಎರಡನೇ ದಶಮಾಂಶ ನೋಡಿ ಇಬ್ಬರು ಟ್ರೇಡರ್‌ಗಳನ್ನು ಮೇಲೆ ಕೆಳಗೆ ಮಾಡುವುದು ಎಷ್ಟು ವ್ಯರ್ಥ ಎನ್ನುವುದಕ್ಕೆ ಇದೇ ಸಾಕು. ವಿತರಣೆ ಯಾವ ಕಡೆಗೆ ವಾಲಿದೆ ಎಂದು ಹೇಳುವ ಓರೆ ಮತ್ತು ಕರ್ಟೋಸಿಸ್ ಸೇರಿಸಿ ಈ ಸೂತ್ರವನ್ನು ತಿದ್ದಿದವರೂ ಇದ್ದಾರೆ. ಆದರೆ ತಿದ್ದಿದ ಸೂತ್ರಕ್ಕೂ ಓರೆ, ಕರ್ಟೋಸಿಸ್‌ಗಳನ್ನು ಅದೇ ಸರಣಿಯಿಂದ ಕೊಡಬೇಕು. ಬಾರದ ದಿನದ ಬಗ್ಗೆ 1.5 ಎಂಬ ಕರ್ಟೋಸಿಸ್ ಏನನ್ನೂ ಹೇಳಲಾರದು. ನಮ್ಮ 360 ದಿನಗಳ ಮಟ್ಟಿಗೆ 2.5ರ ಕೆಳಗಿನ ಅಂಚನ್ನೂ ನಂಬುವ ಹಾಗಿಲ್ಲ.

ಕಾಣದ ದಿನದ ಲೆಕ್ಕ

ಹಾಗಾದರೆ ಸ್ವಚ್ಛವಾದ ಒಂದು ವರ್ಷ ಏನನ್ನು ಸಾಬೀತು ಮಾಡುತ್ತದೆ? ಇದನ್ನು ಕೇಳುವ ಸರಿಯಾದ ರೀತಿ ಹೀಗಿದೆ: ಶೇ 25ರ ಕುಸಿತ ಎಷ್ಟು ದಿನಕ್ಕೊಮ್ಮೆ ಬಂದರೆ ಈ ಖಾತೆಯ ಲಾಭ ಪೂರ್ತಿ ಅಳಿಸಿಹೋಗುತ್ತದೆ? ದಿನದ ಸರಾಸರಿ ಶೇ 0.1. ಶೇ 25 ಗಳಿಸಲು 250 ದಿನ ಬೇಕು. ಹಾಗಾಗಿ ಸುಮಾರು 251 ದಿನಕ್ಕೊಮ್ಮೆ ಅಂಥ ದಿನ ಬಂದರೆ ಸರಾಸರಿ ಲಾಭ ಸೊನ್ನೆ. ಅದಕ್ಕಿಂತ ಹೆಚ್ಚು ಸಲ ಬಂದರೆ ಖಾತೆ ನಷ್ಟದ್ದು.

ಈಗ ಸರಾಸರಿ ಲಾಭ ಸೊನ್ನೆಯೇ ಇರುವ ಟ್ರೇಡರ್‌ಗಳು ನೂರು ಜನ ಇದ್ದಾರೆ ಎಂದುಕೊಳ್ಳಿ. ಎಲ್ಲರದೂ ಇದೇ ತಂತ್ರ, ಎಲ್ಲರಿಗೂ ಕುಸಿತದ ಸಂಭವ ದಿನಕ್ಕೆ 251ರಲ್ಲಿ ಒಂದು, ಒಬ್ಬರ ಕುಸಿತಕ್ಕೂ ಇನ್ನೊಬ್ಬರ ಕುಸಿತಕ್ಕೂ ಸಂಬಂಧವಿಲ್ಲ. 360 ದಿನ ಒಮ್ಮೆಯೂ ಕುಸಿಯದೆ ದಾಟುವ ಸಂಭವ 250/251ನ್ನು 360 ಸಲ ಗುಣಿಸಿದಷ್ಟು, ಅಂದರೆ 0.24. ನೂರರಲ್ಲಿ ಇಪ್ಪತ್ತನಾಲ್ಕು ಜನ ಶಾರ್ಪ್ 4.5ರ ಸುತ್ತಮುತ್ತ ತೋರಿಸುತ್ತ ವರ್ಷ ಮುಗಿಸುತ್ತಾರೆ. ಉಳಿದವರು ಪಟ್ಟಿಯಿಂದ ಕೆಳಗೆ ಜಾರಿರುತ್ತಾರೆ, ಖಾತೆ ಮುಚ್ಚಿರುತ್ತಾರೆ. ಹಣ ಹಾಕಲು ಬಂದವರಿಗೆ ಕಾಣುವುದು ಈ ಇಪ್ಪತ್ತನಾಲ್ಕು ಹೆಸರುಗಳು ಮಾತ್ರ.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸುಲಭದ ಲೆಕ್ಕವಿದೆ. `n` ದಿನ ಒಂದು ಘಟನೆ ನಡೆಯದಿದ್ದರೆ, ಶೇ 95ರ ವಿಶ್ವಾಸದಲ್ಲಿ ಹೇಳಬಹುದಾದದ್ದು ಅದರ ದಿನದ ಸಂಭವ `3/n`ಗಿಂತ ಕಡಿಮೆ ಎಂದಷ್ಟೆ. 360 ದಿನಗಳ ಸ್ವಚ್ಛ ದಾಖಲೆಯಿಂದ 120 ದಿನಕ್ಕೊಮ್ಮೆ ಕುಸಿತ ಬರುವ ಸಾಧ್ಯತೆಯನ್ನೂ ತಳ್ಳಿಹಾಕಲು ಆಗುವುದಿಲ್ಲ. 251 ದಿನಕ್ಕೊಮ್ಮೆ ಎಂಬುದನ್ನು ತಳ್ಳಿಹಾಕಬೇಕಾದರೆ ಸುಮಾರು 750 ದಿನ, ಅಂದರೆ ಎರಡು ವರ್ಷ ದಾಟಿದ ಸ್ವಚ್ಛ ದಾಖಲೆ ಬೇಕು. ಅದೂ ಕೇವಲ ಲಾಭ ಸೊನ್ನೆಗಿಂತ ಮೇಲಿದೆ ಎನ್ನಲು, ಶಾರ್ಪ್ 4.5 ಎನ್ನಲು ಅಲ್ಲ. ಮೂರು ತಿಂಗಳ ದಾಖಲೆಯ ಮೇಲೆ ಶಾರ್ಪ್ ತೋರಿಸುವ ಪಟ್ಟಿಗಳನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಬೇಕು.

ದಿನಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂಬ ಊಹೆಯೂ ಈ ಲೆಕ್ಕದೊಳಗಿದೆ. ನಿಜದಲ್ಲಿ ದೊಡ್ಡ ಏರಿಳಿತಗಳು ಗುಂಪಾಗಿ ಬರುತ್ತವೆ, ಶಾಂತ ದಿನಗಳೂ ಗುಂಪಾಗಿ ಬರುತ್ತವೆ. ಆದ್ದರಿಂದ ಒಂದು ಶಾಂತ ವರ್ಷದ ಸಾಕ್ಷ್ಯದ ತೂಕ ಮೇಲಿನ ಲೆಕ್ಕ ಹೇಳುವುದಕ್ಕಿಂತಲೂ ಕಡಿಮೆ.

ಸಾರ್ಟಿನೊ ಎಲ್ಲಿ ಒಳ್ಳೆಯದು, ಎಲ್ಲಿ ಇನ್ನೂ ಅಪಾಯ

ಸಾರ್ಟಿನೊಗೆ ಸಲ್ಲಬೇಕಾದದ್ದು ಸಲ್ಲಲಿ. 361ನೇ ದಿನ ಶೇ 25 ನಷ್ಟದ ಬದಲು ಶೇ 25 ಲಾಭ ಬಂದಿದ್ದರೆ? ಸರಾಸರಿ ಶೇ 0.169ಕ್ಕೆ ಏರುತ್ತದೆ, ಆದರೆ ಮಾನಕ ವಿಚಲನೆಯೂ ಶೇ 1.38 ಆಗುತ್ತದೆ. ಶಾರ್ಪ್ 4.50ರಿಂದ 2.35ಕ್ಕೆ ಬೀಳುತ್ತದೆ. ದೊಡ್ಡ ಲಾಭ ಬಂದ ಕಾರಣಕ್ಕೆ ಅಂಕ ಕಳೆಯುವುದು ಅನ್ಯಾಯವೇ. ಸಾರ್ಟಿನೊ ಅದೇ ದಿನಕ್ಕೆ 6.62ರಿಂದ 11.2ಕ್ಕೆ ಏರುತ್ತದೆ. ಟ್ರೆಂಡ್ ಹಿಡಿದು ಹೋಗುವ, ಸಣ್ಣ ಸಣ್ಣ ನಷ್ಟಗಳ ನಡುವೆ ಅಪರೂಪಕ್ಕೆ ದೊಡ್ಡ ಲಾಭ ಮಾಡುವ ಖಾತೆಗಳಿಗೆ ಸಾರ್ಟಿನೊ ನ್ಯಾಯ ಒದಗಿಸುತ್ತದೆ.

ಆದರೆ ದಪ್ಪ ಬಾಲಕ್ಕೆ ಇದೇ ಮದ್ದು ಎಂದು ಅದನ್ನು ಮುಂದಿಡುವುದು ತಪ್ಪು. ಬಾಲ ಇನ್ನೂ ಕಾಣದ ಖಾತೆಯಲ್ಲಿ ಸಾರ್ಟಿನೊ ಶಾರ್ಪ್‌ಗಿಂತ ಹೆಚ್ಚು ಮೋಸ ಮಾಡುತ್ತದೆ. ನಮ್ಮ ಖಾತೆಯಲ್ಲೇ ಶಾರ್ಪ್ 4.50 ಎಂದಾಗ ಅದು 6.62 ಎಂದಿತು, ಕುಸಿತದ ನಂತರ ಎರಡೂ ಒಂದೇ ಕಡೆ ಬಂದು ನಿಂತವು. ಅದರ ಛೇದ ಕಟ್ಟುವುದು 120 ನಷ್ಟದ ದಿನಗಳಿಂದ ಮಾತ್ರ, ದತ್ತಾಂಶ ಮೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಹತ್ತರಲ್ಲಿ ಒಂಬತ್ತು ದಿನ ಗೆಲ್ಲುವ ಆಪ್ಷನ್ ಮಾರಾಟದ ಖಾತೆಯಾದರೆ ಮೂವತ್ತಾರು ದಿನಗಳಷ್ಟೇ ಸಿಗುತ್ತವೆ. ಸಾರ್ಟಿನೊ ಶಾರ್ಪ್‌ನ ಎರಡು ಮೂರು ಪಟ್ಟು ಇದೆ ಎಂದರೆ ಎರಡು ಅರ್ಥ ಸಾಧ್ಯ: ಲಾಭದ ಕಡೆ ಬಾಲ ಉದ್ದವಿದೆ, ಇಲ್ಲವೇ ನಷ್ಟದ ಕಡೆಯ ಬಾಲ ಇನ್ನೂ ಬಂದಿಲ್ಲ. ಯಾವುದೆಂದು ತಿಳಿಯಲು ಅತಿ ದೊಡ್ಡ ಐದು ಲಾಭದ ದಿನಗಳನ್ನು ನೋಡಿದರೆ ಸಾಕು. ಅವು ಸರಾಸರಿಯ ಹತ್ತಾರು ಪಟ್ಟು ಇದ್ದರೆ ಮೊದಲನೆಯದು. ನಮ್ಮ ಖಾತೆಯ ಹಾಗೆ ಎಲ್ಲವೂ ಶೇ 0.4ರ ಸುತ್ತಲೇ ಇದ್ದರೆ ಎರಡನೆಯದು.

ಲೆವರೇಜ್ ಮತ್ತು ಮಧ್ಯರಾತ್ರಿಯ ಫೋಟೊ

ಶಾರ್ಪ್ ಲೆವರೇಜ್‌ನಿಂದ ಬದಲಾಗುವುದಿಲ್ಲ ಎಂಬುದನ್ನು ಅದರ ಗುಣವೆಂದೇ ಹೇಳುತ್ತಾರೆ. ಲಾಭ, ವಿಚಲನೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಭಾಗಲಬ್ಧ ಅಷ್ಟೇ ಇರುತ್ತದೆ. ನಮ್ಮ 361 ದಿನಗಳ ಖಾತೆಯನ್ನು ನಾಲ್ಕು ಪಟ್ಟು ಮಾಡಿ. ಕೊನೆಯ ದಿನದ ನಷ್ಟ ಶೇ 100, ಖಾತೆಯಲ್ಲಿ ಉಳಿದದ್ದು ಸೊನ್ನೆ. ಶಾರ್ಪ್ ಮಾತ್ರ ಈಗಲೂ 0.42, ಧನಾತ್ಮಕ! ಸರಳ ಶೇಕಡಾವಾರು ಲಾಭಗಳ ಸರಾಸರಿ ಚಕ್ರಗತಿಯನ್ನು ಕಾಣದ ಕಾರಣ ಇದು ಸಾಧ್ಯವಾಗುತ್ತದೆ. ಲಾಗರಿದಮ್ ಲಾಭಗಳಲ್ಲಿ ಲೆಕ್ಕ ಹಾಕಿದ್ದರೆ ಆ ದಿನ ಋಣ ಅನಂತವಾಗಿ ಲೆಕ್ಕವೇ ನಿಂತುಹೋಗುತ್ತಿತ್ತು. ಸಣ್ಣ ಏರಿಳಿತದ ಖಾತೆಗೆ ಎರಡು ವಿಧಾನಗಳ ನಡುವೆ ವ್ಯತ್ಯಾಸ ಕಾಣದು. ದಿನಕ್ಕೆ ಶೇ 5 ದಾಟುವ ಖಾತೆಗೆ ಎರಡನ್ನೂ ತೆಗೆದು, ಎರಡರ ನಡುವಿನ ಅಂತರವನ್ನೇ ಎಚ್ಚರಿಕೆಯಾಗಿ ಓದಬಹುದು.

ದಿನಕ್ಕೊಮ್ಮೆ ಈಕ್ವಿಟಿ ಓದುವುದರ ಮಿತಿ 2025ರ ಅಕ್ಟೋಬರ್ 10ರಂದು ಚೆನ್ನಾಗಿ ಕಂಡಿತು. ಚೀನಾದ ಸರಕುಗಳ ಮೇಲೆ ಇನ್ನೂ ಶೇ 100 ಸುಂಕ ಹಾಕುವುದಾಗಿ ಅಮೆರಿಕ ಅಧ್ಯಕ್ಷರು ಘೋಷಿಸಿದ ಮೇಲೆ, ನಮ್ಮ ಗಡಿಯಾರದಲ್ಲಿ 11ರ ನಸುಕಿನ ಹೊತ್ತಿಗೆ, ಬಿಟ್‌ಕಾಯಿನ್ 1.22 ಲಕ್ಷ ಡಾಲರ್‌ನ ಆಸುಪಾಸಿನಿಂದ 1.05 ಲಕ್ಷಕ್ಕಿಂತ ಕೆಳಗೆ ಇಳಿಯಿತು. 5.30ಕ್ಕೆ ದಿನ ಮುಗಿಯುವಾಗ 1.13 ಲಕ್ಷದ ಸುತ್ತ ಇತ್ತು. ಕೆಲವು ಸಣ್ಣ ನಾಣ್ಯಗಳ ಬೆಲೆ ನಿಮಿಷಗಳಲ್ಲಿ ಅರ್ಧಕ್ಕಿಂತ ಕೆಳಗೆ ಹೋಗಿ ಮತ್ತೆ ಮೇಲೆ ಬಂತು. ಆ ಒಂದು ದಿನದ ಅವಧಿಯಲ್ಲಿ 1,900 ಕೋಟಿ ಡಾಲರ್‌ಗೂ ಹೆಚ್ಚಿನ ಪೊಸಿಷನ್‌ಗಳು ಲಿಕ್ವಿಡೇಟ್ ಆದವು, ಅಂದರೆ ಮಾರ್ಜಿನ್ ಸಾಲದೆ ಎಕ್ಸ್‌ಚೇಂಜ್‌ಗಳೇ ಅವನ್ನು ಮುಚ್ಚಿದವು, ಎಂದು ಕಾಯಿನ್‌ಗ್ಲಾಸ್ ದತ್ತಾಂಶ ತೋರಿಸಿತು.

ಅಂದು ಎರಡು ಬಗೆಯ ಖಾತೆಗಳಿದ್ದವು. ಮಾರ್ಜಿನ್ ಸಾಕಷ್ಟಿದ್ದು ಬದುಕಿ ಉಳಿದ ಖಾತೆ ಒಳಗೆ ಶೇ 14 ಇಳಿದು ಬಂದಿದ್ದರೂ ದಿನದ ಸರಣಿಯಲ್ಲಿ ಶೇ 7ರಷ್ಟು ಇಳಿಕೆಯನ್ನು ಮಾತ್ರ ತೋರಿಸುತ್ತದೆ. ಸ್ವಲ್ಪ ಹೆಚ್ಚು ಲೆವರೇಜ್ ಇದ್ದ, ಉಳಿದೆಲ್ಲ ರೀತಿಯಲ್ಲಿ ಅದೇ ತಂತ್ರದ ಖಾತೆ ಕೆಳಮಟ್ಟದಲ್ಲೇ ಮುಚ್ಚಿಹೋಗಿರುತ್ತದೆ, ವಾಪಸು ಏರಿದ್ದು ಅದಕ್ಕೆ ಸಿಗುವುದಿಲ್ಲ. ಮುಂಚಿನ ದಿನದವರೆಗೆ ಎರಡರ ಶಾರ್ಪ್ ಒಂದೇ. ದಿನದೊಳಗಿನ ಅತಿ ಕೆಳಗಿನ ಈಕ್ವಿಟಿಯನ್ನು ಗಂಟೆಗೊಮ್ಮೆಯಾದರೂ ದಾಖಲಿಸಿಟ್ಟಿದ್ದರೆ ಮಾತ್ರ ಎರಡನೆಯದು ಎಷ್ಟು ಅಂಚಿನಲ್ಲಿ ನಡೆಯುತ್ತಿತ್ತು ಎಂಬುದು ಮೊದಲೇ ತಿಳಿಯುತ್ತದೆ.

ಬೆಲೆಯ ಅಪಾಯವೇ ಇಲ್ಲ ಎಂದು ನಂಬಿದವರಿಗೂ ಅಂದು ಪೆಟ್ಟು ಬಿತ್ತು. ನಾಣ್ಯ ಕೊಂಡಿಟ್ಟು, ಅಷ್ಟೇ ಮೊತ್ತದ ಪರ್ಪೆಚುವಲ್ ಶಾರ್ಟ್ ಮಾಡಿ, ಫಂಡಿಂಗ್ ಮಾತ್ರ ಗಳಿಸುವ ಖಾತೆಗಳ ಶಾರ್ಪ್ ಎಷ್ಟೋ ಸಲ 5 ದಾಟಿರುತ್ತದೆ. ಎಕ್ಸ್‌ಚೇಂಜ್‌ನ ವಿಮಾ ನಿಧಿ ಸಾಲದಾದಾಗ ಲಾಭದಲ್ಲಿರುವ ಪೊಸಿಷನ್‌ಗಳನ್ನು ಒತ್ತಾಯವಾಗಿ ಮುಚ್ಚುವ ವ್ಯವಸ್ಥೆ ಇದೆ, ಅದಕ್ಕೆ ಆಟೊ ಡಿಲೆವರೇಜಿಂಗ್ ಎನ್ನುತ್ತಾರೆ. ಅಂದು ಲಾಭದಲ್ಲಿದ್ದದ್ದು ಶಾರ್ಟ್‌ಗಳು. ಅವು ಮುಚ್ಚಿದ ಕೂಡಲೇ ಕೈಯಲ್ಲಿ ಉಳಿದದ್ದು ಬೀಳುತ್ತಿರುವ ನಾಣ್ಯ, ರಕ್ಷಣೆಯಿಲ್ಲದೆ. ಹಿಂದಿನ ನೂರಾರು ದಿನಗಳ ಫಂಡಿಂಗ್ ಸರಣಿಯಲ್ಲಿ ಈ ಅಪಾಯದ ಗುರುತು ಎಲ್ಲೂ ಇರಲಿಲ್ಲ.

ಅನುಪಾತದ ಪಕ್ಕ ಇಡಬೇಕಾದದ್ದು

ಎರಡೂ ಅನುಪಾತಗಳನ್ನು ಬಿಟ್ಟುಬಿಡಬೇಕಾಗಿಲ್ಲ. ಶಾಂತ ದಿನಗಳಲ್ಲಿ ಒಂದು ತಂತ್ರ ಎಷ್ಟು ಏಕರೂಪವಾಗಿ ಗಳಿಸುತ್ತದೆ ಎಂಬುದನ್ನು ಅವು ಹೇಳುತ್ತವೆ, ಅಷ್ಟಕ್ಕೆ ನಂಬಬಹುದು. ಅದರ ಜೊತೆಗೆ ಒಂದು ಕೆಲಸ ತಪ್ಪದೆ ಮಾಡಬೇಕು: ಬಾರದ ದಿನವನ್ನು ನೀವೇ ಸೇರಿಸಿ ಮತ್ತೆ ಲೆಕ್ಕ ಹಾಕುವುದು.

ಆ ದಿನದ ಅಳತೆ ಊಹೆಯಿಂದ ಬರಬಾರದು. ಈಗ ತೆರೆದಿರುವ ಪೊಸಿಷನ್‌ಗಳನ್ನು ತೆಗೆದುಕೊಂಡು, 2020ರ ಮಾರ್ಚ್ 12 ಮತ್ತು 2025ರ ಅಕ್ಟೋಬರ್ 10ರ ಕನಿಷ್ಠ ಬೆಲೆಗಳವರೆಗಿನ ಇಳಿತವನ್ನು ಅವುಗಳ ಮೇಲೆ ಹಾಕಿ. ಮಾರ್ಜಿನ್ ಎಲ್ಲಿ ಮುಗಿಯುತ್ತದೆ, ಲಿಕ್ವಿಡೇಶನ್ ಶುಲ್ಕ ಎಷ್ಟು ಹೋಗುತ್ತದೆ, ಅಡವಿಟ್ಟ ನಾಣ್ಯವೂ ಜೊತೆಗೇ ಬೀಳುತ್ತದೆಯೇ ಎಂದು ನೋಡಿ ಒಟ್ಟು ನಷ್ಟ ಕಂಡುಕೊಳ್ಳಿ. ಆ ಅಂಕಿಯನ್ನು ವರ್ಷಕ್ಕೊಂದು ದಿನದಂತೆ ಸರಣಿಗೆ ಸೇರಿಸಿ. ನಮ್ಮ ಖಾತೆಗೆ ಆ ನಷ್ಟ ಶೇ 10 ಆದರೆ ಶಾರ್ಪ್ 2.0, ಶೇ 15 ಆದರೆ 1.2, ಶೇ 25 ಆದರೆ 0.4. ಈ ಮೂರು ಅಂಕಿಗಳ ನಡುವಿನ ವ್ಯತ್ಯಾಸ ಟ್ರೇಡರನ ಜಾಣ್ಮೆಯದ್ದಲ್ಲ, ಪೂರ್ತಿಯಾಗಿ ಪೊಸಿಷನ್ ಗಾತ್ರದ್ದು. ಮುಂದೆ ನಿಯಂತ್ರಿಸಲು ಸಾಧ್ಯವಿರುವುದೂ ಅದನ್ನೇ. ಬೇರೊಬ್ಬರ ಖಾತೆಗೆ ಹಣ ಹಾಕುವವರಿಗೆ ಪೊಸಿಷನ್‌ಗಳು ಕಾಣುವುದಿಲ್ಲ. ಅವರು ಕನಿಷ್ಠ ಅತಿ ಕೆಟ್ಟ ದಿನದ ನಷ್ಟ, ಗರಿಷ್ಠ ಕುಸಿತ, ಲೆವರೇಜ್ ಈ ಮೂರನ್ನು ಕೇಳಬೇಕು. ದಾಖಲೆಯ ಅವಧಿಯೊಳಗೆ ಮಾರುಕಟ್ಟೆಯ ಒಂದಾದರೂ ಕೆಟ್ಟ ದಿನ ಇತ್ತೇ ಎಂದೂ ನೋಡಬೇಕು. 2025ರ ಅಕ್ಟೋಬರ್ 11ರ ನಂತರ ಶುರುವಾದ ಖಾತೆಗೂ ಅದಕ್ಕೆ ಮೊದಲೇ ಇದ್ದು ದಾಟಿಬಂದ ಖಾತೆಗೂ ಶಾರ್ಪ್ ಒಂದೇ ಇದ್ದರೂ ತೂಕ ಒಂದೇ ಅಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಸರಣಿಗೆ ಎಂದೂ ಬಾರದ ಒಂದು ಬಾಲ ಉಳಿಯುತ್ತದೆ, ಅದು ಎಕ್ಸ್‌ಚೇಂಜ್‌ನದು. 2024ರ ಜುಲೈ 18ರಂದು ವಜೀರ್‌ಎಕ್ಸ್‌ನ ವ್ಯಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳವಾದವು. ಹಣ ಹಿಂಪಡೆಯುವುದು ನಿಂತಿತು, ಗ್ರಾಹಕರು ತಿಂಗಳುಗಟ್ಟಲೆ ಕಾಯಬೇಕಾಯಿತು. ಆ ದಿನ ತಂತ್ರ ಗೆದ್ದಿತೋ ಸೋತಿತೋ ಎಂಬುದಕ್ಕೆ ಅರ್ಥವಿರಲಿಲ್ಲ, ಎಷ್ಟೇ ಶಾರ್ಪ್ ಇದ್ದ ಖಾತೆಯೂ ಒಂದೇ ಸಾಲಿನಲ್ಲಿ ನಿಂತಿತ್ತು. ಇದನ್ನು ಯಾವ ಅನುಪಾತದ ಒಳಗೂ ತುರುಕಲು ಆಗುವುದಿಲ್ಲ. ಒಂದು ಎಕ್ಸ್‌ಚೇಂಜ್‌ನಲ್ಲಿ ಒಟ್ಟು ಬಂಡವಾಳದ ಎಷ್ಟು ಪಾಲು ಇಡಬೇಕು ಎಂಬುದನ್ನು ಶಾರ್ಪ್ ನೋಡದೆ, ಬೇರೆಯಾಗಿಯೇ ನಿರ್ಧರಿಸಬೇಕು.